ಗುದನಾಳದ ‘ಡೆಂಟೇಟ್ ಲೈನ್’ಗೆ ಕನ್ನಡದಲ್ಲಿ ಏನನ್ನುವುದು? (ಸಂಜೆಯೊಳಗೆ ಬೇಕು)

ಅನುವಾದಕಿ: ಮೂಲವ್ಯಾಧಿಗೆ ರಬ್ಬರ್ ಬ್ಯಾಂಡ್ ಹಾಕಿಸಿಕೊಳ್ಳುವವರಿಗೆ ಕೊಡುವ ಮಾಹಿತಿ ಹಾಳೆಯಲ್ಲಿ ‘ದಂತರೇಖೆಯ ಮೇಲೆ ಬ್ಯಾಂಡ್ ಹಾಕುವುದರಿಂದ ತೀವ್ರ ನೋವಾಗುವುದಿಲ್ಲ’ ಎಂದು ಬರೆದಿದ್ದೇನೆ. ಕರಡು ಓದಿದವರೊಬ್ಬರು ಇದು ಹಲ್ಲಿನ ಚಿಕಿತ್ಸೆಯೇ ಎಂದು ಕೇಳಿದರು. ಬೇರೆ ಪದವಿದೆಯೇ?

ಗೋ.: ಈ ಗೆರೆಗೆ ಬಾಚಣಿಗೆಯ ಹೋಲಿಕೆಯಿಂದ ಬಂದ ‘ಪೆಕ್ಟಿನೇಟ್’ ಎಂಬ ಇನ್ನೊಂದು ಹೆಸರೂ ಇದೆ. ನಮ್ಮಲ್ಲಿ ‘ಹಣಿಗೆ’ ಇರುವಾಗ ‘ಹಣಿಗೆಗೆರೆ’ ಎನ್ನದೆ ಸಂಸ್ಕೃತದ ಬಾಗಿಲು ತಟ್ಟುವುದೇಕೆ?

ರಾ.: ‘ಹಣಿಗೆ’ ಇಂದಿನ ಓದುಗರಲ್ಲಿ ಎಷ್ಟು ಜನರಿಗೆ ಗೊತ್ತು? ‘ದಂತುರ ರೇಖೆ’ ಎಂದರೆ ಸಾಕು. ಅರ್ಥವೂ ಸರಳ: ಗೆರೆಯ ಮೇಲ್ಗಡೆಯ ಮೂಲವ್ಯಾಧಿ ನೋಯುವುದಿಲ್ಲ, ಕೆಳಗಡೆಯ ಗುದದ ಬಿರುಕು ನೋಯುತ್ತದೆ; ಒಟ್ಟಿನಲ್ಲಿ ಮೂಲವ್ಯಾಧಿಗೆ ನೋವಿಲ್ಲ.

ಶಸ್ತ್ರವೈದ್ಯ: ಪದ ಯಾವುದಾದರೂ ಆಗಲಿ, ಮೊದಲು ‘ಮೇಲೆ’ಯನ್ನು ತಿದ್ದಿ. ‘ಗೆರೆಯ ಮೇಲೆ’ ಎಂದರೆ ಓದುವವರು ಗೆರೆಗೇ ಬ್ಯಾಂಡ್ ಎಂದುಕೊಳ್ಳುತ್ತಾರೆ. ನಾವು ಹಾಕುವುದು ಅದಕ್ಕಿಂತ ಒಂದು ಸೆಂಟಿಮೀಟರಿಗೂ ಹೆಚ್ಚು ಮೇಲ್ಗಡೆ. ಗುದದ್ವಾರದಿಂದ ಸುಮಾರು ಎರಡು ಸೆಂಟಿಮೀಟರ್ ಒಳಗಿರುವ ಈ ಗೆರೆಯ ಮೇಲ್ಗಡೆಯ ಒಳಪದರಕ್ಕೆ ಕರುಳಿನ ನರಗಳಿರುವುದರಿಂದ ಅಲ್ಲಿ ಭಾರ, ಒತ್ತಡ ಮಾತ್ರ ತಿಳಿಯುತ್ತದೆ. ಕೆಳಗಡೆಯ ಚರ್ಮಕ್ಕೆ ಪ್ಯುಡೆಂಡಲ್ ನರದ ಕವಲು ಇರುವುದರಿಂದ ಅದು ಬೆರಳ ತುದಿಯಷ್ಟೇ ಸೂಕ್ಷ್ಮ. ಬ್ಯಾಂಡ್ ಬಿಟ್ಟ ಕ್ಷಣವೇ ರೋಗಿ ಚೀರಿದರೆ ಅದು ತೀರ ಕೆಳಗೆ ಕೂತಿದೆ ಎಂದರ್ಥ, ತೆಗೆಯಬೇಕು. ರಾ. ಅವರ ಮಾತು ಅರ್ಧ ಸರಿ: ಗೆರೆಯ ಕೆಳಗಿನ ಹೊರ ಮೂಲವ್ಯಾಧಿಯಲ್ಲಿ ರಕ್ತ ಹೆಪ್ಪುಗಟ್ಟಿದರೆ ಕೂರಲೂ ಆಗದಷ್ಟು ನೋವಿರುತ್ತದೆ.

ಓದುಗರೊಬ್ಬರು: ನನಗೆ ಮಲ ಹೋಗುವಾಗ ಬ್ಲೇಡಿನಿಂದ ಕೊಯ್ದಂತಾಗಿ, ಆಮೇಲೆ ಗಂಟೆಗಟ್ಟಲೆ ಉರಿಯುತ್ತಿತ್ತು. ಮೂಲವ್ಯಾಧಿಯೆಂದೇ ತಿಂಗಳುಗಟ್ಟಲೆ ಮುಲಾಮು ಹಚ್ಚಿದೆ. ಹಾಗಾದರೆ ಬ್ಯಾಂಡ್ ಹಾಕಿಸಬೇಕಿತ್ತೇ?

ಶಸ್ತ್ರವೈದ್ಯ: ಬೇಡ, ನೀವು ಹೇಳುತ್ತಿರುವುದು ಬಿರುಕಿನ ಲಕ್ಷಣ, ನೋಡಿಸಿ ಖಚಿತಪಡಿಸಿಕೊಳ್ಳಿ. ಬಿರುಕು ಗೆರೆಯ ಕೆಳಗೆ, ಹೆಚ್ಚಾಗಿ ಹಿಂಬದಿಯ ನಡುವೆ ಬೀಳುತ್ತದೆ. ಅಲ್ಲಿಗೆ ರಕ್ತದ ಹರಿವು ಮೊದಲೇ ಕಡಿಮೆ. ನೋವಿಗೆ ಒಳಗಿನ ಸ್ನಾಯು ಬಿಗಿದುಕೊಂಡಾಗ ಅದೂ ತಗ್ಗಿ ಗಾಯ ಮಾಯುವುದಿಲ್ಲ. ಒಳ ಮೂಲವ್ಯಾಧಿಯ ತೊಂದರೆ ಇದಕ್ಕೆ ತದ್ವಿರುದ್ಧ: ಮೇಲಿನ ಗುದನಾಳಧಮನಿಯಿಂದ ಧಾರಾಳವಾಗಿ ರಕ್ತ ಬರುವುದರಿಂದ ನೋವಿಲ್ಲದೆ ಹೊಳೆಯುವ ಕೆಂಪು ಹನಿಗಳು ತೊಟ್ಟಿಕ್ಕುತ್ತವೆ.

ಗೋ.: ‘ಧಮನಿ’ಯೂ ಎರವಲೇ.

ರಾ.: ಹಾಗಾದರೆ ‘ರಕ್ತ’ವನ್ನೂ ಬಿಡಿ, ‘ನೆತ್ತರು’ ಎಂದೇ ಅಚ್ಚು ಹಾಕಿಸಿ. ರೋಗಿಗೆ ಬೇಕಿರುವುದು ಭಾಷಾಶುದ್ಧಿಯಲ್ಲ.

ಗೋ.: ‘ನೆತ್ತರು’ ಯಾರಿಗೆ ಅರ್ಥವಾಗದು?

ಅನುವಾದಕಿ: ‘ಗುದನಾಳದ ಒಳಗಿರುವ ಗರಗಸದಂಥ ಗೆರೆಗಿಂತ ಮೇಲ್ಗಡೆ’ ಎಂದು ಬರೆದು ಚಿತ್ರದಲ್ಲಿ ಬಾಣ ಹಾಕಿ ಕಳುಹಿಸುತ್ತಿದ್ದೇನೆ. ಹಣಿಗೆಯೋ ದಂತುರವೋ ಎಂಬುದು ಮುಂದಿನ ಮುದ್ರಣಕ್ಕಿರಲಿ.