ಸಹಾಯ ಬೇಕು: ದೇಣಿಗೆ ಪತ್ರಕ್ಕೆ ಒಬ್ಬಳ ಕಥೆಯೋ, ಸಾಧನೆಗಳ ಪಟ್ಟಿಯೋ?

ಎಲ್ಲರಿಗೂ ನಮಸ್ಕಾರ. ದಾವಣಗೆರೆಯ ನಮ್ಮ ಉಚಿತ ಹೊಲಿಗೆ ತರಗತಿ ಪರವಾಗಿ 300 ಹಳೆ ದಾನಿಗಳಿಗೆ ಒಂದು ಪುಟದ ಪತ್ರ ಹೋಗಬೇಕು. ಎರಡು ಕರಡಿವೆ, ಸಮಿತಿಯಲ್ಲಿ ಒಮ್ಮತ ಬರ್ತಿಲ್ಲ.

ಮೊದಲನೆಯದು ಪಟ್ಟಿ: ಇಷ್ಟು ವರ್ಷ, ಇಷ್ಟು ಜನ ಕಲಿತರು, ಇಷ್ಟು ಯಂತ್ರ. ಓದಿದವರಿಗೆ "ಚೆನ್ನಾಗೇ ನಡೀತಿದೆಯಲ್ಲ" ಅನ್ನಿಸಿ ಪತ್ರ ಪಕ್ಕಕ್ಕೆ ಹೋಗುತ್ತೆ. ಎರಡನೆಯದು ಜಗಳೂರು ಕಡೆಯ ಒಬ್ಬ ಹುಡುಗಿಯ ಕಥೆ, 120 ಪದ. ರವಿಕೆಗೆ ತೋಳು ಕೂರಿಸೋದು ಕಲಿತಿದ್ದಾಳೆ, ಮನೆಯಲ್ಲಿ ಯಂತ್ರವಿಲ್ಲ. ಕೊನೆಗೆ ಒಂದೇ ಕೋರಿಕೆ: ಯಂತ್ರಕ್ಕೆ 7,500 ರೂಪಾಯಿ. ನನ್ನ ಮತ ಇದಕ್ಕೇ.

ಎರಡನ್ನೂ ಬೆರೆಸೋಣ ಅಂತಾರೆ ಕೆಲವರು. ಅದು ಬೇಡ. 2007ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದರಲ್ಲಿ ಒಂದು ಮಗುವಿನ ಕಥೆಯ ಜೊತೆ ಅಂಕಿಅಂಶ ಸೇರಿಸಿದಾಗ, ಬರೀ ಕಥೆಗೆ ಬಂದದ್ದಕ್ಕಿಂತ ಕಡಿಮೆ ದೇಣಿಗೆ ಬಂತು. ಹಾಗಾಗಿ ಅಂಕಿಗಳನ್ನು ರಸೀದಿಯ ಜೊತೆ ಕಳಿಸೋದು ಒಳ್ಳೇದು. ಲೆಕ್ಕ ಕೇಳುವ ಕಂಪನಿಗಳಿಗೆ ಮಾತ್ರ ಪಟ್ಟಿಯ ಪತ್ರ.

ಹೆಸರುಪಟ್ಟಿಯಲ್ಲಿ ಒಂದು ಬಿಟ್ಟು ಒಂದರಂತೆ 150 ಜನಕ್ಕೆ ಕಥೆ, 150 ಜನಕ್ಕೆ ಪಟ್ಟಿ ಕಳಿಸಿ, ಮರಳಿ ಬರುವ ಚೀಟಿಗೆ ಗುರುತು ಹಾಕಬಹುದು. ಆದರೆ 12 ಉತ್ತರ ಒಂದು ಕಡೆ, 8 ಇನ್ನೊಂದು ಕಡೆ ಬಂದರೆ ಅದು ಬರೀ ಆಕಸ್ಮಿಕವೂ ಆಗಿರಬಹುದು.

ಇಂಥ ಪತ್ರ ಕಳಿಸಿದವರು ದಯವಿಟ್ಟು ಹೇಳಿ: ನಿಮಗೆ ಎಷ್ಟು ಪತ್ರಕ್ಕೆ ಎಷ್ಟು ಉತ್ತರ ಬಂತು? ಹುಡುಗಿಯ ಹೆಸರು, ಊರು ಬದಲಿಸಿದರೂ ಅವಳ ಒಪ್ಪಿಗೆ ಬರಹದಲ್ಲೇ ಬೇಕು. ಅದರ ಕನ್ನಡ ನಮೂನೆ ಯಾರ ಹತ್ತಿರವಾದರೂ ಇದೆಯಾ?