ಆಸ್ಪತ್ರೆ ನೆಟ್‌ವರ್ಕಿನ ಒಳಗೆ, ಅರಿವಳಿಕೆ ವೈದ್ಯರು ಹೊರಗೆ: 3,200 ಡಾಲರ್ ಬಿಲ್ಲನ್ನು ಪ್ರಶ್ನಿಸುವುದು ಹೇಗೆ?

ಕೇಳಿದವರು, ಡಲ್ಲಾಸ್:
ನನ್ನ ಹೆಂಡತಿಗೆ ಇಲ್ಲಿನ ಆಸ್ಪತ್ರೆಯೊಂದರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾಯಿತು. ಆಸ್ಪತ್ರೆಯೂ ಸರ್ಜನ್ನರೂ ನಮ್ಮ ವಿಮೆಯ ಜೊತೆ ಒಪ್ಪಂದವಿರುವ ನೆಟ್‌ವರ್ಕಿನವರೆಂದು ಮೊದಲೇ ಖಚಿತಪಡಿಸಿಕೊಂಡಿದ್ದೆವು. ಈಗ ಅರಿವಳಿಕೆ ವೈದ್ಯರ ಗುಂಪಿನಿಂದ 3,200 ಡಾಲರ್ ಬಿಲ್ ಬಂದಿದೆ. ನೆಟ್‌ವರ್ಕಿನ ಹೊರಗಿನವರೆಂದು ವಿಮೆಯವರು ಏನೂ ಕೊಟ್ಟಿಲ್ಲ. ದಾಖಲಾಗುವಾಗ ಟ್ಯಾಬ್ಲೆಟ್ಟಿನ ಮೇಲೆ ಹಲವು ಕಡೆ ಸಹಿ ಮಾಡಿಸಿಕೊಂಡಿದ್ದರು. ಇದನ್ನು ಕಟ್ಟಲೇಬೇಕೇ? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಎಡಿಸನ್‌ನಿಂದ:
ನಮ್ಮ ಮಗಳು ಹುಟ್ಟಿದಾಗ ಇದೇ ನಾಟಕ ನಡೆಯಿತು. ಹೆರಿಗೆ ನೋವು ತಡೆಯಲಾರದೆ ನನ್ನವಳು ನಡುರಾತ್ರಿಯಲ್ಲಿ ಎಪಿಡ್ಯೂರಲ್ ಕೇಳಿದಳು. ಆ ಹೊತ್ತಿನಲ್ಲಿ ಬಂದ ವೈದ್ಯರನ್ನು ‘ನೀವು ಯಾವ ನೆಟ್‌ವರ್ಕ್?’ ಎಂದು ಕೇಳುವ ಗಂಡಸು ಭೂಮಿಯ ಮೇಲೆ ಇರಲಿಕ್ಕಿಲ್ಲ. ಅವರ ಬಿಲ್ 2,850 ಡಾಲರ್. ವಿಮೆಯವರು ಅಷ್ಟನ್ನೂ ಹೊರಗಿನ ಡಿಡಕ್ಟಿಬಲ್ಲಿಗೆ, ಅಂದರೆ ವಿಮೆ ಕೊಡತೊಡಗುವ ಮೊದಲು ಹೊರಗಿನ ವೈದ್ಯರಿಗೆ ನಾವೇ ಕೊಡಬೇಕಾದ ಮೊತ್ತಕ್ಕೆ ಹಾಕಿ ಕೈ ತೊಳೆದುಕೊಂಡರು.

ವಿಮೆಯ ಕಚೇರಿಗೆ ಫೋನ್ ಮಾಡಿದರೆ, ಮೊದಲು ಸಿಕ್ಕವರೆಲ್ಲ ‘ಹೊರಗಿನವರು’ ಎಂಬ ಒಂದೇ ಪಾಠ ಒಪ್ಪಿಸಿದರು. ಕೊನೆಗೆ ಮೇಲ್ವಿಚಾರಕಿಯೊಬ್ಬರು ಕಡತ ತೆರೆದು ನಿಜ ಹೇಳಿದರು. ಆಸ್ಪತ್ರೆಯ ಕ್ಲೇಮ್ ತಲುಪುವ ಮೊದಲೇ ಅರಿವಳಿಕೆಯವರ ಕ್ಲೇಮ್ ಬಂದಿತ್ತು. ಆದ್ದರಿಂದ ಆ ಸೇವೆ ನಡೆದದ್ದು ನೆಟ್‌ವರ್ಕ್ ಆಸ್ಪತ್ರೆಯೊಳಗೆ ಎಂಬುದು ಅವರ ಕಂಪ್ಯೂಟರಿಗೆ ಗೊತ್ತೇ ಆಗಿರಲಿಲ್ಲ. ಅನಿರೀಕ್ಷಿತ ಹೊರಗಿನ ಬಿಲ್ಲುಗಳಿಂದ ರೋಗಿಯನ್ನು ಕಾಯುವ ಕೇಂದ್ರದ ಕಾನೂನಾದ ನೋ ಸರ್ಪ್ರೈಸಸ್ ಆ್ಯಕ್ಟ್‌ನ ಅಡಿಯಲ್ಲಿ ಕ್ಲೇಮನ್ನು ಮರುಪರಿಶೀಲಿಸಿ ಎಂದು ನಾನು ಲಿಖಿತವಾಗಿ ಕೇಳಿದೆ. ಯಾರ ಪಾಲು ಎಷ್ಟೆಂದು ವಿಮೆಯವರು ಲೆಕ್ಕ ಹಾಕಿ ಕಳುಹಿಸುವ ಪತ್ರವೇ ಇಒಬಿ; ಹೊಸ ಇಒಬಿಯಲ್ಲಿ ಒಪ್ಪಿತ ಮೊತ್ತ 1,100 ಡಾಲರ್ ಆಯಿತು. ನಮ್ಮ ಡಿಡಕ್ಟಿಬಲ್ ಅಷ್ಟರಲ್ಲಿ ತೀರಿದ್ದರಿಂದ ನಮ್ಮ ಪಾಲು ಶೇಕಡ 20, ಅಂದರೆ 220 ಡಾಲರ್. ವಿಮೆಯವರು ಕೊಟ್ಟದ್ದು 880. ಉಳಿದ 1,750 ಡಾಲರಿಗಾಗಿ ಆ ಗುಂಪಿನವರು ನಮ್ಮ ಬೆನ್ನು ಬಿಡಲಿಲ್ಲ, ವಸೂಲಿ ಏಜೆನ್ಸಿಗೂ ಕೊಟ್ಟರು. ಏಜೆನ್ಸಿಯ ಮೊದಲ ಪತ್ರ ಬಂದ 30 ದಿನಗಳೊಳಗೆ ಹೊಸ ಇಒಬಿಯ ಪ್ರತಿಯನ್ನು ಲಗತ್ತಿಸಿ ಆಕ್ಷೇಪಣೆ ಕಳುಹಿಸಿದೆ. ಅಲ್ಲಿಗೆ ಅವರ ಬಾಯಿ ಮುಚ್ಚಿತು.

ಫ್ರೀಮಾಂಟ್‌ನಿಂದ:
ಕತೆ ಚೆನ್ನಾಗಿದೆ, ಆದರೆ ಎಲ್ಲರ ಪಾಲಿಗೂ ಹೀಗಾಗುವುದಿಲ್ಲ. ಈ ಕಾನೂನು ಆಸ್ಪತ್ರೆಗೆ ಕಾಲಿಟ್ಟು ರೋಗಿಯನ್ನು ಮುಟ್ಟಿದ ವೈದ್ಯರಿಗೆ ಮಾತ್ರ ಅನ್ವಯಿಸುತ್ತದೆ. ನನ್ನ ಥೈರಾಯ್ಡ್ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗಂಟನ್ನು ಅದೇ ದಿನ ಹೊರಗಿನ ಪ್ರಯೋಗಾಲಯವೊಂದಕ್ಕೆ ಕಳುಹಿಸಿದರು. ಅಲ್ಲಿನ ಪೆಥಾಲಜಿಸ್ಟ್ 640 ಡಾಲರ್ ಬಿಲ್ ಮಾಡಿದರು, ಜೊತೆಗೆ ವಿಶೇಷ ಬಣ್ಣ ಹಾಕಿ ನೋಡಿದ್ದಕ್ಕೆ 215. ಒಟ್ಟು 855 ಡಾಲರನ್ನು ನಾನು ಕಂತಿನಲ್ಲಿ ಕಟ್ಟಿದೆ. ಪ್ರಯೋಗಾಲಯ ಆಸ್ಪತ್ರೆಯ ಕಟ್ಟಡದಲ್ಲಿ ಇರಲಿಲ್ಲವಾದ್ದರಿಂದ ಬೇರೆ ದಾರಿಯಿರಲಿಲ್ಲ. ಡಲ್ಲಾಸ್‌ನವರ ಅರಿವಳಿಕೆ ವೈದ್ಯರು ಒಳಗೇ ಇದ್ದರು, ಆದ್ದರಿಂದ ಅವರು ಒಂದು ಕಾಸೂ ಕಟ್ಟಬೇಕಾಗಿಲ್ಲ. ಬಿಲ್ಲನ್ನು ಹರಿದು ಕಸದ ಬುಟ್ಟಿಗೆ ಹಾಕಬಹುದು.

ರಾಲಿಯಿಂದ:
ನಾನು ವೈದ್ಯಕೀಯ ಬಿಲ್ಲಿಂಗ್ ಕೆಲಸ ಮಾಡುವವಳು. ಹೇಳುವುದು ಒರಟೆನಿಸಿದರೆ ಕ್ಷಮೆಯಿರಲಿ. ಮೇಲಿನ ಬರಹದ ಎರಡೂ ತೀರ್ಮಾನಗಳು ತಪ್ಪು. ನೆಟ್‌ವರ್ಕ್ ಆಸ್ಪತ್ರೆಯ ಭೇಟಿಯ ಭಾಗವಾಗಿ ತೆಗೆದ ಮಾದರಿಯನ್ನು ಎಲ್ಲಿ ಪರೀಕ್ಷಿಸಿದರೂ ಆ ಪ್ರಯೋಗಾಲಯದ ಸೇವೆ ಇದೇ ರಕ್ಷಣೆಯೊಳಗೆ ಬರುತ್ತದೆ. ಪೆಥಾಲಜಿಸ್ಟ್ ಆಸ್ಪತ್ರೆಯ ಹೊಸ್ತಿಲು ತುಳಿದಿರಬೇಕೆಂಬ ನಿಯಮವಿಲ್ಲ. ಇನ್ನು ‘ಒಂದು ಕಾಸೂ ಇಲ್ಲ’ ಎಂಬುದೂ ಸರಿಯಲ್ಲ. ಈ ಕಾನೂನು ಬಿಲ್ಲನ್ನು ಮನ್ನಾ ಮಾಡುವುದಿಲ್ಲ. ರೋಗಿಯ ಪಾಲನ್ನು ನೆಟ್‌ವರ್ಕಿನ ವೈದ್ಯರಿಗೆ ಕೊಡುವಷ್ಟಕ್ಕೆ ಇಳಿಸುತ್ತದೆ. ಆ ಪ್ರದೇಶದಲ್ಲಿ ವಿಮೆಯವರು ತಮ್ಮ ಒಪ್ಪಂದದ ವೈದ್ಯರಿಗೆ ಕೊಡುವ ದರಗಳ ಮಧ್ಯಮ ಮೊತ್ತವನ್ನು ಸಾಮಾನ್ಯವಾಗಿ ಲೆಕ್ಕಕ್ಕೆ ಹಿಡಿಯುತ್ತಾರೆ. ಡಲ್ಲಾಸ್‌ನವರ ವಿಷಯದಲ್ಲಿ ಅದು 900 ಡಾಲರ್ ಎಂದುಕೊಳ್ಳಿ. ಡಿಡಕ್ಟಿಬಲ್ ತೀರಿದ್ದು, ಪಾಲು ಶೇಕಡ 20 ಆಗಿದ್ದರೆ ಅವರು ಕೊಡಬೇಕಾದದ್ದು 180. ಡಿಡಕ್ಟಿಬಲ್ ಇನ್ನೂ ಪೂರ್ತಿ ಬಾಕಿಯಿದ್ದರೆ 900 ಡಾಲರನ್ನೂ ಅವರೇ ಕೊಡಬೇಕು. ಎರಡರಲ್ಲಿ ಯಾವುದಾದರೂ, 900ರ ಮೇಲಿನ 2,300 ಡಾಲರನ್ನು ಕೇಳುವ ಹಕ್ಕು ಆ ಗುಂಪಿಗಿಲ್ಲ, ಮತ್ತು ಕೊಟ್ಟದ್ದು ನೆಟ್‌ವರ್ಕಿನೊಳಗಿನ ಡಿಡಕ್ಟಿಬಲ್ಲಿಗೇ ಸೇರಬೇಕು. ಕಸದ ಬುಟ್ಟಿಗೆ ಹಾಕಿದರೆ ನ್ಯಾಯವಾದ 180 ಡಾಲರೂ ವಸೂಲಿಗೆ ಹೋಗುತ್ತದೆ.

ಟ್ಯಾಬ್ಲೆಟ್ಟಿನ ಸಹಿಯ ಬಗ್ಗೆ ಯಾರೂ ಉತ್ತರಿಸಲಿಲ್ಲ. ಹೊರಗಿನ ವೈದ್ಯರು ಸಮ್ಮತಿ ಪಡೆದು ಹೆಚ್ಚು ಬಿಲ್ ಮಾಡುವ ಅವಕಾಶ ಕಾನೂನಿನಲ್ಲಿ ಇದೆ. ಆದರೆ ಅದಕ್ಕೆ ಅಂದಾಜು ಮೊತ್ತವನ್ನೂ ಒಳಗೊಂಡ ನಿಗದಿತ ನಮೂನೆಯ ಪತ್ರವನ್ನು ಬೇರೆಯಾಗಿಯೇ ಕೊಡಬೇಕು, ಮೊದಲೇ ಗೊತ್ತಾದ ಚಿಕಿತ್ಸೆಯಾದರೆ ಕನಿಷ್ಠ 72 ಗಂಟೆ ಮುಂಚೆ ಕೊಡಬೇಕು. ಅರಿವಳಿಕೆ, ಪೆಥಾಲಜಿ, ರೇಡಿಯಾಲಜಿ, ಸಹಾಯಕ ಸರ್ಜನ್ ಇಂಥವರಿಗಂತೂ ಆ ಸಮ್ಮತಿಯನ್ನು ಕೇಳುವ ಅಧಿಕಾರವೇ ಇಲ್ಲ. ಆದ್ದರಿಂದ ನಿಮ್ಮ ಪತ್ನಿ ಯಾವುದಕ್ಕೆ ಸಹಿ ಮಾಡಿದ್ದರೂ ಅರಿವಳಿಕೆಯ ಬಿಲ್ಲಿಗೆ ಅದು ಲೆಕ್ಕಕ್ಕಿಲ್ಲ.

ಶಾಂಬರ್ಗ್‌ನಿಂದ:
ನೀವೆಲ್ಲ ಕಂಪನಿ ವಿಮೆಯವರು, ನಿಮ್ಮ ಚರ್ಚೆಯೇ ಬೇರೆ. ನಮ್ಮ ಅತ್ತೆಯವರು ಬಾಣಂತನಕ್ಕೆಂದು ದಾವಣಗೆರೆಯಿಂದ ಬಂದಿದ್ದರು. ಎದೆನೋವೆಂದು ತುರ್ತು ವಿಭಾಗಕ್ಕೆ ಕರೆದೊಯ್ದೆವು. ಅವರಿಗೆ ಕೊಂಡಿದ್ದ ವಿಸಿಟರ್ ವಿಮೆಯ ಜಾಹೀರಾತಿನಲ್ಲಿ ಒಂದು ಲಕ್ಷ ಡಾಲರ್ ರಕ್ಷಣೆ ಎಂದಿತ್ತು. ಬಿಲ್ ಬಂದ ಮೇಲೆ ನೋಡಿದರೆ, ಪ್ರತಿಯೊಂದು ಸೇವೆಗೂ ಇಂತಿಷ್ಟೇ ಎಂದು ಮಿತಿ ಹಾಕಿದ ಪಟ್ಟಿ. ತುರ್ತು ವೈದ್ಯರ ಗುಂಪಿನ ಬಿಲ್ 1,940 ಡಾಲರ್, ವಿಮೆಯವರು ಕೊಟ್ಟದ್ದು 330. ಕಾನೂನಿದೆಯಲ್ಲ ಎಂದು ನಾನೂ ವಾದಿಸಿದೆ. ಈ ಬಗೆಯ ವಿಮೆಗೆ ಅದು ಅನ್ವಯಿಸುವುದಿಲ್ಲ ಎಂದರು. ಆಸ್ಪತ್ರೆಯದು ಧರ್ಮಾರ್ಥ ಸಂಸ್ಥೆಯಾದ್ದರಿಂದ ಅದರ ಬಿಲ್ಲಿಗೆ ನೆರವಿನ ಅರ್ಜಿ ಹಾಕಿ ರಿಯಾಯಿತಿ ಪಡೆದೆವು. ವೈದ್ಯರ ಗುಂಪು ಮಾತ್ರ ಆ ನೆರವಿನ ನೀತಿಗೆ ತಾನು ಒಳಪಟ್ಟಿಲ್ಲ ಎಂದಿತು. ಊರಿಂದ ಬರುವ ಹಿರಿಯರ ಬಗ್ಗೆ ಯಾರಾದರೂ ಬರೆಯಿರಿ.

ಎಡಿಸನ್‌ನಿಂದ:
ಸ್ವಾಮಿ, ಕೇಳಿದವರ ಹೆಂಡತಿಗೆ ಇರುವುದು ಕಂಪನಿಯ ವಿಮೆ ಎಂದು ತೋರುತ್ತದೆ. ನಿಮ್ಮ ಅತ್ತೆಯವರ ವಿಷಯವನ್ನು ಬೇರೆಯಾಗಿ ಕೇಳಿದರೆ ಒಳ್ಳೆಯದಲ್ಲವೇ?

ಶಾಂಬರ್ಗ್‌ನಿಂದ:
ನೀವು ಎಪಿಡ್ಯೂರಲ್ ಪುರಾಣ ಓದಿದಾಗ ಯಾರೂ ತಡೆಯಲಿಲ್ಲ. ನೆಟ್‌ವರ್ಕಿನ ಆಸ್ಪತ್ರೆ, ಹೊರಗಿನ ವೈದ್ಯ ಎಂಬ ವಿಷಯ ನನ್ನದರಲ್ಲೂ ಇದೆ. ಬಿಲ್ ಹೊತ್ತವನಿಗೆ ನಿಮ್ಮ ಶಿಷ್ಟಾಚಾರ ಬೇಕಾಗಿಲ್ಲ.

ರಾಲಿಯಿಂದ:
ಇಬ್ಬರೂ ಸಮಾಧಾನ ತಂದುಕೊಳ್ಳಿ. ವಿಸಿಟರ್ ವಿಮೆಗೆ ಈ ರಕ್ಷಣೆಯಿಲ್ಲ ಎಂದು ನಿಮಗೆ ಹೇಳಿದ್ದು ದುರದೃಷ್ಟವಶಾತ್ ನಿಜ. ಆಸ್ಪತ್ರೆಯ ನೆರವಿನ ನೀತಿಯ ಜೊತೆಗೆ, ಯಾವ ಯಾವ ವೈದ್ಯರು ಅದಕ್ಕೆ ಒಳಪಡುತ್ತಾರೆ ಎಂಬ ಪಟ್ಟಿಯನ್ನೂ ಧರ್ಮಾರ್ಥ ಆಸ್ಪತ್ರೆ ಪ್ರಕಟಿಸಬೇಕು. ಗುಂಪಿನವರ ಬಾಯಿಮಾತನ್ನು ನಂಬದೆ ಆ ಪಟ್ಟಿಯನ್ನೇ ನೋಡಿ.

ಡಲ್ಲಾಸ್‌ನವರೇ, ವಿಮೆಯ ಕಾರ್ಡನ್ನು ಕೈಯಲ್ಲಿ ಹಿಡಿದು ನೋಡಿ. ಟೆಕ್ಸಸ್ ರಾಜ್ಯದ ನಿಯಂತ್ರಣದ ವಿಮೆಯಾದರೆ ಅದರ ಮೇಲೆ TDI ಅಥವಾ DOI ಎಂಬ ಅಕ್ಷರಗಳಿರುತ್ತವೆ. ಆಗ 2020ರಿಂದ ಜಾರಿಯಲ್ಲಿರುವ ರಾಜ್ಯದ ಕಾನೂನು ಅನ್ವಯಿಸುತ್ತದೆ, ದೂರು ರಾಜ್ಯದ ವಿಮಾ ಇಲಾಖೆಗೆ ಹೋಗಬೇಕು. ಆ ಅಕ್ಷರಗಳಿಲ್ಲದಿದ್ದರೆ ಬಹುಶಃ ಉದ್ಯೋಗದಾತರೇ ಹಣ ಹಾಕುವ ವಿಮೆ; ಅದಕ್ಕೆ 2022ರ ಜನವರಿಯಿಂದ ಜಾರಿಗೆ ಬಂದ ಕೇಂದ್ರದ ಕಾನೂನು. ಜೊತೆಗೆ, ಸೇವೆ ನಡೆದ ಸ್ಥಳವೆಂದು ಇಒಬಿಯಲ್ಲೋ ಕ್ಲೇಮಿನಲ್ಲೋ ಏನು ನಮೂದಾಗಿದೆ ಎಂದು ವಿಮೆಯವರನ್ನು ಕೇಳಿ. ಒಳರೋಗಿಯಾದರೆ 21, ಆಸ್ಪತ್ರೆಯ ಹೊರರೋಗಿಯಾದರೆ 22 ಎಂಬ ಸಂಕೇತ ಇರಬೇಕು.

ಫ್ರೀಮಾಂಟ್‌ನಿಂದ:
ನನ್ನನ್ನು ಎಲ್ಲರ ಮುಂದೆ ತಪ್ಪಿತಸ್ಥನನ್ನಾಗಿ ಮಾಡಿದ್ದೀರಿ, ಸಂತೋಷ. ಪ್ರಯೋಗಾಲಯದವರು, ವಿಮೆಯವರು ಇಬ್ಬರೂ ನನಗೆ ಹೇಳಿದ್ದು ನಾನು ಬರೆದದ್ದನ್ನೇ. ಬಿಲ್ಲಿಂಗ್ ಕೆಲಸದವರು ಇಲ್ಲಿ ಉಪದೇಶ ಮಾಡುವ ಬದಲು ತಮ್ಮ ಕಚೇರಿಗಳಲ್ಲೇ ಇಂಥ ಬಿಲ್ ಹೊರಡದಂತೆ ತಡೆದಿದ್ದರೆ ನನ್ನ 855 ಡಾಲರ್ ಉಳಿಯುತ್ತಿತ್ತು. ಅದು ವಾಪಸು ಬರುತ್ತದೆಯೇ, ಅದನ್ನು ಹೇಳಿ.

ರಾಲಿಯಿಂದ:
ನಿಮ್ಮ ಬಿಲ್ ನಾನು ಕಳುಹಿಸಿದ್ದಲ್ಲ. ನಿರಾಕರಣೆಯ ತಿಳಿವಳಿಕೆ ಬಂದ 180 ದಿನಗಳೊಳಗೆ ವಿಮೆಯವರಿಗೆ ಮೇಲ್ಮನವಿ ಸಲ್ಲಿಸಬಹುದಿತ್ತು. ಅಲ್ಲೂ ಒಪ್ಪದಿದ್ದರೆ ಅಂತಿಮ ನಿರ್ಧಾರದಿಂದ ನಾಲ್ಕು ತಿಂಗಳೊಳಗೆ ಸ್ವತಂತ್ರ ಪರಿಶೀಲನೆ ಕೇಳಬಹುದಿತ್ತು. ಆ ಗಡುವು ಮೀರಿದ್ದರೂ cms.gov/nosurprises ಮೂಲಕ ಅಥವಾ 1-800-985-3059ಕ್ಕೆ ಕರೆಮಾಡಿ ದೂರು ಕೊಡಿ. ತಪ್ಪು ಬಿಲ್ ಕಳುಹಿಸಿದವರಿಗೆ ಪ್ರತಿ ಉಲ್ಲಂಘನೆಗೆ 10,000 ಡಾಲರ್‌ವರೆಗೆ ದಂಡ ಹಾಕುವ ಅವಕಾಶವಿದೆ. ದೂರು ಕೊಟ್ಟವರಿಗೆಲ್ಲ ಹಣ ಮರಳುತ್ತದೆಂದು ಮಾತ್ರ ನಾನು ಹೇಳಲಾರೆ.

ಎಡಿಸನ್‌ನಿಂದ:
ಆ ಸಹಾಯವಾಣಿಗೆ ನಾನೂ ದೂರು ಕೊಟ್ಟಿದ್ದೆ. ಅವರ ಉತ್ತರ ಬರುವಷ್ಟರಲ್ಲಿ ನನ್ನ ವ್ಯಾಜ್ಯವೇ ಮುಗಿದಿತ್ತು. ಮೊದಲು ವಿಮೆಯವರ ಬೆನ್ನು ಹತ್ತುವುದೇ ಸರಿ.

ಕೇಳಿದವರು, ಡಲ್ಲಾಸ್:
ಎಲ್ಲರಿಗೂ ಧನ್ಯವಾದಗಳು. ಕಾರ್ಡಿನ ಮೇಲೆ ನೀವು ಹೇಳಿದ ಅಕ್ಷರಗಳಿಲ್ಲ. ವಿಮೆಯವರನ್ನು ಕೇಳಿದಾಗ, ಅರಿವಳಿಕೆಯವರ ಕ್ಲೇಮಿನಲ್ಲಿ ಸ್ಥಳದ ಸಂಕೇತ 11 ಎಂದಿದೆ ಎಂದರು. ಇದರ ನಡುವೆ ಸಹಾಯಕ ಸರ್ಜನ್ ಒಬ್ಬರಿಂದ 1,400 ಡಾಲರಿನ ಇನ್ನೊಂದು ಬಿಲ್ ಬಂದಿದೆ. ಅವರು ಅಲ್ಲಿದ್ದರೆಂಬುದೇ ನಮಗೆ ತಿಳಿದಿರಲಿಲ್ಲ.

ರಾಲಿಯಿಂದ:
11 ಎಂದರೆ ವೈದ್ಯರ ಖಾಸಗಿ ಕ್ಲಿನಿಕ್ಕು. ನಿಮ್ಮ ಪತ್ನಿಗೆ ಅರಿವಳಿಕೆ ಕೊಟ್ಟದ್ದು ಕ್ಲಿನಿಕ್ಕಿನಲ್ಲಿ ಎಂದು ಆ ಗುಂಪು ಬರೆದಿರುವುದರಿಂದಲೇ ವಿಮೆಯವರು ಆಸ್ಪತ್ರೆಯ ಸಂಬಂಧವನ್ನು ಕಾಣದೆ ನಿರಾಕರಿಸಿದ್ದಾರೆ. ಸಂಕೇತವನ್ನು ಸರಿಪಡಿಸಿದ ಕ್ಲೇಮನ್ನು ಮತ್ತೆ ಕಳುಹಿಸಿ ಎಂದು ಗುಂಪಿಗೆ ಪತ್ರ ಬರೆಯಿರಿ. ಆಸ್ಪತ್ರೆಯ ಬಿಲ್ಲಿನ ಪ್ರತಿಯನ್ನು ಲಗತ್ತಿಸಿ ವಿಮೆಯವರಿಗೂ ಮೇಲ್ಮನವಿ ಹಾಕಿ, ಏಕೆಂದರೆ ಗುಂಪಿನವರು ತಡಮಾಡಿದರೂ ನಿಮ್ಮ 180 ದಿನಗಳ ಲೆಕ್ಕ ನಿಲ್ಲುವುದಿಲ್ಲ. ಹೊಸ ಇಒಬಿ ಬರುವವರೆಗೆ ಹಣ ಕಟ್ಟಲು ಯಾರಿಗೂ ಕ್ರೆಡಿಟ್ ಕಾರ್ಡ್ ಸಂಖ್ಯೆ ಕೊಡಬೇಡಿ. ಸಹಾಯಕ ಸರ್ಜನ್ನರ ಬಿಲ್ಲಿಗೂ ಇದೇ ನಿಯಮ ಅನ್ವಯಿಸುತ್ತದೆ. ಆದರೆ ಸಹಾಯಕರ ಅಗತ್ಯವೇ ಇರಲಿಲ್ಲವೆಂದು ವಿಮೆಯವರು ನಿರಾಕರಿಸಿದ್ದರೆ ಅದು ಬೇರೆ ಜಗಳ. ಅದರ ಇಒಬಿಯಲ್ಲಿ ಕಾರಣವೇನೆಂದು ಬರೆದಿದೆ?