ಪದ ಬದಲಿಸಿದ್ದೇನೆ, ಪುಸ್ತಕದ ಹೆಸರೂ ಹಾಕಿದ್ದೇನೆ. ಆದರೂ ಕೃತಿಚೌರ್ಯವಾ?

ಪ್ರಶ್ನೆ: ಪಿಎಚ್‌ಡಿ ವಿದ್ಯಾರ್ಥಿನಿ, ಬೀದರ್

ಸರ್, ನನ್ನ ವಿಷಯ ಬಿದ್ರಿ ಕಲೆ. ಒಂದು ಪ್ಯಾರಾ ನೋಡಿ ಗೈಡ್ "ಇದು ನಿನ್ನ ಬರವಣಿಗೆ ಅಲ್ಲ" ಅಂದರು.

ಪುಸ್ತಕದಲ್ಲಿ: "ಕೋಟೆಯ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ ಪಾತ್ರೆಗೆ ಹಚ್ಚಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಹೊಳೆಯುತ್ತಾ ಉಳಿಯುತ್ತದೆ. ಬೇರೆ ಮಣ್ಣಿನಿಂದ ಈ ಕಪ್ಪು ಬರುವುದಿಲ್ಲ."

ನಾನು ಬರೆದದ್ದು: "ಕಿಲ್ಲೆಯ ಮಣ್ಣನ್ನು ನವಸಾಗರದ ಜೊತೆ ನೀರಲ್ಲಿ ಬೆರೆಸಿ ವಸ್ತುವಿಗೆ ಲೇಪಿಸಿದಾಗ ಮೇಲ್ಮೈ ಕಪ್ಪಗಾಗುತ್ತದೆ, ಬೆಳ್ಳಿ ಮಾತ್ರ ಮಿಂಚುತ್ತಾ ಇರುತ್ತದೆ. ಬೇರೆ ಮಣ್ಣಿಗೆ ಈ ಬಣ್ಣ ಬರುವುದಿಲ್ಲ." ಕೊನೆಗೆ ಪುಸ್ತಕದ ಹೆಸರು, ಪುಟ ಹಾಕಿದ್ದೇನೆ. ಎಲ್ಲಿ ತಪ್ಪಾಯಿತು?

ಸಂಶೋಧನಾ ವಿದ್ಯಾರ್ಥಿ, ಕಲಬುರಗಿ

ತಲೆ ಕೆಡಿಸ್ಕೋಬೇಡಿ ಅಕ್ಕಾ. ಹೋಲಿಕೆ ಪತ್ತೆ ಮಾಡೋ ತಂತ್ರಾಂಶ ಡ್ರಿಲ್‌ಬಿಟ್‌ಗೆ ಹಾಕಿ ನೋಡಿ. 2018ರ ಯುಜಿಸಿ ನಿಯಮದಲ್ಲಿ ಹೋಲಿಕೆ 10% ಒಳಗಿದ್ದರೆ ದಂಡ ಇಲ್ಲ. ನನ್ನದು ಇಂಗ್ಲಿಷ್ ಲೇಖನಗಳಿಂದ ಕನ್ನಡಕ್ಕೆ ತಂದದ್ದು, ಸೊನ್ನೆ ಬಂತು.

ಗ್ರಂಥಪಾಲಕರು, ಕಲಬುರಗಿ

10%ರ ಮಾತು ಸರಿ ತಮ್ಮಾ. ಆದರೆ ಆ ಅಂಕಿ ಹೇಳೋದು ಪದಗಳು ಎಷ್ಟು ಕೂಡಿ ಬಂದಿವೆ ಅನ್ನೋದನ್ನ ಮಾತ್ರ. ಹಳೆಯ ಕನ್ನಡ ಪುಸ್ತಕ ಅದರ ಸಂಗ್ರಹದಲ್ಲಿ ಇಲ್ಲದಿದ್ದರೆ ಪೂರ್ತಿ ನಕಲು ಮಾಡಿದರೂ ಸೊನ್ನೆ ತೋರಿಸಬಹುದು. ಇಂಗ್ಲಿಷಿಂದ ಅನುವಾದ ಮಾಡಿ ಮೂಲ ಹೇಳದೆ ಬಿಟ್ಟರೆ ಅದೂ ಕೃತಿಚೌರ್ಯವೇ. ನಿಮ್ಮ ಅಧ್ಯಾಯವನ್ನು ದಯವಿಟ್ಟು ಇನ್ನೊಮ್ಮೆ ನೋಡಿ.

ಈಗ ನಿಮ್ಮ ಪ್ಯಾರಾ ನೋಡೋಣ ತಂಗಿ. ಎರಡನ್ನೂ ಒಂದರ ಕೆಳಗೆ ಒಂದು ಇಡಿ. ಪದಗಳನ್ನು ಬಿಡಿ, ವಿಷಯ ಬರುವ ಸರದಿ ನೋಡಿ. ಮಣ್ಣು, ನವಸಾಗರ, ನೀರು, ಕಪ್ಪು, ಬೆಳ್ಳಿ, ಬೇರೆ ಮಣ್ಣು. ಅಲ್ಲೂ ಅದೇ ಸರದಿ, ಇಲ್ಲೂ ಅದೇ. "ದಾಗ", "ಮಾತ್ರ" ಕೂಡ ಅದೇ ಜಾಗದಲ್ಲಿವೆ. ಕೋಟೆ ಕಿಲ್ಲೆ ಆಯಿತು, ಹಚ್ಚಿದ್ದು ಲೇಪಿಸಿದ್ದಾಯಿತು, ಅಷ್ಟೇ. ಗೈಡ್ ಕಣ್ಣಿಗೆ ಬಿದ್ದದ್ದು ಇದೇ.

ಪುಟ ಸಂಖ್ಯೆ ಹಾಕಿದ್ದು ಒಳ್ಳೆಯದು. ಆದರೆ ಹಾಗೆ ಹಾಕಿದರೆ "ವಿಷಯ ಅವರದು, ಮಾತು ನನ್ನದು" ಅಂತ ಓದುಗರಿಗೆ ಹೇಳಿದ ಹಾಗೆ. ಇಲ್ಲಿ ಮಾತೂ ಅವರದೇ. ಅವರ ವಾಕ್ಯವೇ ಬೇಕಿದ್ದರೆ ಉದ್ಧರಣ ಚಿಹ್ನೆ ಹಾಕಿ ಹಾಗೇ ಕೊಡಿ, ಅದರಲ್ಲಿ ತಪ್ಪಿಲ್ಲ.

ಒಂದು ಕೇಳ್ತೀನಿ. ಕಪ್ಪು ಬಣ್ಣದ ಬಗ್ಗೆ ಬೇರೆ ಏನು ಓದಿದ್ದೀರಿ? ಕೆಲಸ ಮಾಡೋದನ್ನ ಕಣ್ಣಾರೆ ನೋಡಿದ್ದೀರಾ?

ಪಿಎಚ್‌ಡಿ ವಿದ್ಯಾರ್ಥಿನಿ, ಬೀದರ್

ಲೋಹದ ಪರೀಕ್ಷೆ ಮಾಡಿದ ಒಂದು ಲೇಖನ ಇದೆ ಸರ್. ಸತುವಿನಲ್ಲಿ ಬೆರೆಸಿದ ಸ್ವಲ್ಪ ತಾಮ್ರ ಇಲ್ಲದಿದ್ದರೆ ಆ ಕಪ್ಪು ಬರಲ್ಲ ಅನ್ನುತ್ತದೆ. ಅದನ್ನು ಮುಂದಿನ ಪ್ಯಾರಾದಲ್ಲಿ ಇಟ್ಟಿದ್ದೇನೆ. ನಾನು ನೋಡಿದ ಕುಶಲಕರ್ಮಿಯೊಬ್ಬರು ಮಣ್ಣನ್ನು ನಾಲಿಗೆಗೆ ಹಚ್ಚಿ, ರುಚಿ ನೋಡಿ ಆರಿಸಿದರು. ಅದು ಸುಮ್ನೆ ನೋಟ್‌ಬುಕ್‌ನಲ್ಲೇ ಉಳಿದಿದೆ.

ಗ್ರಂಥಪಾಲಕರು, ಕಲಬುರಗಿ

ಬೇಕಾದ್ದೆಲ್ಲ ನಿಮ್ಮ ಹತ್ತಿರವೇ ಇದೆಯಲ್ಲ! ಪುಸ್ತಕಕ್ಕೊಂದು, ಲೇಖನಕ್ಕೊಂದು ಅಂತ ಪ್ಯಾರಾ ಮಾಡಿದ್ದರಿಂದ ಪ್ರತಿ ಪ್ಯಾರಾನೂ ಆಯಾ ಮೂಲದ ನೆರಳಾಗಿದೆ. ಪ್ಯಾರಾವನ್ನು ಪ್ರಶ್ನೆಯಿಂದ ಶುರು ಮಾಡಿ: ಕಪ್ಪು ಬರೋದು ಯಾವುದರಿಂದ? ಎರಡನ್ನೂ ಮುಚ್ಚಿಟ್ಟು ಬರೆಯಿರಿ, ಆಮೇಲೆ ತೆರೆದು ತಾಳೆ ನೋಡಿ. ನಾನಾದರೆ ಹೀಗೆ ಬರೀತಿದ್ದೆ:

"ಬಿದ್ರಿಯ ಕಪ್ಪಿಗೆ ಕಾರಣ ಏನು ಎಂಬುದರಲ್ಲಿ ಒಮ್ಮತವಿಲ್ಲ. ಪುಸ್ತಕ ಕೋಟೆಯ ಮಣ್ಣನ್ನು ಮುಂದಿಡುತ್ತದೆ, ಲೇಖನ ಎರಕದಲ್ಲಿನ ತಾಮ್ರವನ್ನು. ಆದರೆ ಒಂದು ನೋಡಿದ್ದು ಕೊನೆಯ ಲೇಪವನ್ನು, ಇನ್ನೊಂದು ಮೊದಲ ಎರಕವನ್ನು. ಹಾಗಾಗಿ ಒಂದು ಸರಿಯಾದರೆ ಇನ್ನೊಂದು ತಪ್ಪು ಎನ್ನಬೇಕಿಲ್ಲ. ನಾನು ಕಂಡ ಕುಶಲಕರ್ಮಿ ಮಣ್ಣನ್ನು ರುಚಿ ನೋಡಿ ಆರಿಸಿದರು. ಅವರು ಹುಡುಕಿದ್ದು ಮಣ್ಣಿನಲ್ಲಿರುವ ಉಪ್ಪನ್ನು ಇರಬಹುದು. ಹಾಗಿದ್ದರೆ ಬೇರೆ ಮಣ್ಣಿನಿಂದ ಕಪ್ಪು ಬರುವುದೇ ಇಲ್ಲ ಎಂಬ ಮಾತನ್ನು ಪರೀಕ್ಷಿಸಿ ನೋಡಬೇಕು."

ಪುಸ್ತಕ, ಲೇಖನ ಎಂದಿರುವಲ್ಲಿ ಲೇಖಕರ ಹೆಸರು, ಪುಟ ಹಾಕಿ. ಮೂರನೇ ವಾಕ್ಯದಿಂದ ಮುಂದೆ ಇರೋದು ಆ ಎರಡರಲ್ಲೂ ಸಿಗಲ್ಲ. ಆದರೆ ಇದು ನನ್ನ ಮಾತು, ಇದನ್ನೇ ಎತ್ತಿ ಹಾಕಬೇಡಿ. ನಿಮ್ಮ ನೋಟ್‌ಬುಕ್ ಇಟ್ಟುಕೊಂಡು ನೀವೇ ಬರೆಯಿರಿ.

ಉಪನ್ಯಾಸಕಿ, ಯಾದಗಿರಿ

ನನ್ನದೂ ಇದೇ ಕಥೆ ಸರ್. ಹಿಂದೆ ನಾನೇ ಪ್ರಕಟಿಸಿದ ಲೇಖನದ ಎರಡು ಪುಟ ಪ್ರಬಂಧದಲ್ಲಿ ಹಾಕಿದೆ, ಹೋಲಿಕೆ ತೋರಿಸಿತು. ಅದನ್ನೂ ಹೀಗೆ ತಿರುಗಿಸಿ ಬರೆಯಬೇಕಾ?

ಗ್ರಂಥಪಾಲಕರು, ಕಲಬುರಗಿ

ನಿಮ್ಮ ಕಥೆ ಬೇರೆ ಮೇಡಂ. ಹೋಲಿಕೆ ಕಾಣದ ಹಾಗೆ ಪದ ತಿರುಗಿಸಬೇಡಿ. ಈ ಭಾಗ ಮೊದಲು ಎಲ್ಲಿ ಪ್ರಕಟವಾಯಿತು ಅಂತ ಅಡಿಟಿಪ್ಪಣಿಯಲ್ಲಿ ಹೇಳಿ. ಅಷ್ಟು ಸಾಕಾ ಅನ್ನೋದನ್ನ ನಿಮ್ಮ ವಿಶ್ವವಿದ್ಯಾಲಯದಲ್ಲೇ ಲಿಖಿತವಾಗಿ ಕೇಳಿ, ನಾನು ಖಾತ್ರಿ ಕೊಡಲಾರೆ.

ಪಿಎಚ್‌ಡಿ ವಿದ್ಯಾರ್ಥಿನಿ, ಬೀದರ್

ಸರ್, ಆ ಕುಶಲಕರ್ಮಿಗೆ ಫೋನ್ ಮಾಡಿದೆ. ಉಪ್ಪು ಅಲ್ಲ, ಮಣ್ಣಿನ ವಯಸ್ಸು ನೋಡ್ತೀವಿ ಅಂದರು. ನಿಮ್ಮ ಆರನೇ ವಾಕ್ಯ ನನ್ನ ಪ್ಯಾರಾದಲ್ಲಿ ನಿಲ್ಲಲ್ಲ. ನಾಳೆ ಮತ್ತೆ ಹೋಗಿ ಕೇಳಿ ಬರೀತೀನಿ.